ಕ್ಯಾಡ್‌ನಿಂದ ಸಿಮ್ಯುಲೇಟರ್‌ಗೆ ರೋಬೋಟ್ ತೋಳು: ಮೊಣಕೈ ಎಲ್ಲಿಂದ, ಎತ್ತ, ಎಷ್ಟು ಮಡಚಬೇಕು?

ನಾನು ಮೊದಲ ಸಲ ಕ್ಯಾಡ್‌ನಲ್ಲಿ ಬಿಡಿಸಿದ ರೋಬೋಟ್ ತೋಳನ್ನು ಸಿಮ್ಯುಲೇಟರ್‌ಗೆ ಹಾಕಿದಾಗ ಫೈಲ್ ಸಲೀಸಾಗಿ ತೆರೆದುಕೊಂಡಿತು. ಒಂದು ಎರರ್ ಕೂಡ ಬರಲಿಲ್ಲ. ಆದರೆ ಸಿಮ್ಯುಲೇಶನ್ ಶುರುವಾದ ಕೂಡಲೇ, ನಾನು ಏನೂ ಹೇಳದೆಯೇ, ಮೊಣಕೈ ಫಟ್ಟನೆ ಮಡಚಿಕೊಂಡಿತು. ಇನ್ನಷ್ಟು ಮಡಚು ಅಂತ ಮೋಟರ್‌ಗೆ ಹೇಳಿದೆ. ಮುಂದೋಳು ಮೇಲ್ತೋಳಿನ ಒಳಗಿಂದಲೇ ತೂರಿಕೊಂಡು ಆಚೆ ಕಡೆ ಹೊರಬಂತು!

ಕ್ಯಾಡ್‌ನಲ್ಲಿ ಆ ಕೀಲಿಗೆ ನಾನೇ ಮಿತಿ ಹಾಕಿದ್ದೆ: 40 ಡಿಗ್ರಿಯಿಂದ 175 ಡಿಗ್ರಿ. ಎಕ್ಸ್‌ಪೋರ್ಟ್ ಆದ ಫೈಲ್ ತೆರೆದು ನೋಡಿದರೆ, ರೇಡಿಯನ್‌ನಲ್ಲಿ ಬರೆದದ್ದು ಬಿಟ್ಟರೆ, ಅವೇ ಮಿತಿಗಳು ಅಲ್ಲೇ ಇದ್ದವು. ಒಂದೂ ಬದಲಾಗಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿ?

ಅವು ಬದಲಾಗದೇ ಇದ್ದದ್ದೇ ತಪ್ಪು. ಅದು ಯಾಕೆ ಅಂತ ಅರ್ಥ ಮಾಡಿಕೊಳ್ಳಲು ಕ್ಯಾಡ್ ಮತ್ತು ಸಿಮ್ಯುಲೇಟರ್ ಒಂದೇ ಕೀಲನ್ನು ಹೇಗೆ ಬೇರೆ ಬೇರೆ ಥರ ನೋಡುತ್ತವೆ ಅನ್ನುವುದನ್ನು ಬುಡದಿಂದ ನೋಡಬೇಕು.

## ಕ್ಯಾಡ್‌ಗೆ ಗೊತ್ತಿರುವುದೇನು, ಸಿಮ್ಯುಲೇಟರ್‌ಗೆ ಬೇಕಾದದ್ದೇನು

ಕ್ಯಾಡ್ ಅಂದರೆ ಭಾಗಗಳನ್ನು ಅಳತೆಗೆ ಸರಿಯಾಗಿ ಬಿಡಿಸುವ ಸಾಫ್ಟ್‌ವೇರ್. ಅಲ್ಲಿ ತೋಳು ಅಂದರೆ ಹತ್ತಾರು ಬಿಡಿ ಭಾಗಗಳು. ಕೊಳವೆ, ಬ್ರಾಕೆಟ್, ಬೇರಿಂಗ್, ಸ್ಕ್ರೂ. ಅವನ್ನು ಒಂದಕ್ಕೊಂದು ಹೊಂದಿಸುವ ನಿಯಮಕ್ಕೆ ಮೇಟ್ ಅನ್ನುತ್ತಾರೆ, ಕೆಲವು ಸಾಫ್ಟ್‌ವೇರ್‌ಗಳಲ್ಲಿ ಜಾಯಿಂಟ್ ಅನ್ನುತ್ತಾರೆ. "ಈ ರಂಧ್ರ ಆ ಶಾಫ್ಟ್‌ನ ಮೇಲೇ ಇರಲಿ", "ಈ ಎರಡು ಮೈಗಳ ನಡುವಿನ ಕೋನ 40ರಿಂದ 175 ಡಿಗ್ರಿ ಒಳಗಿರಲಿ" ಅನ್ನುವಂಥ ನಿಯಮಗಳು.

ಸಿಮ್ಯುಲೇಟರ್ ಅಂದರೆ ಆ ತೋಳನ್ನು ಕಂಪ್ಯೂಟರ್‌ನೊಳಗೇ ಚಲಿಸಿ ನೋಡುವ ಸಾಫ್ಟ್‌ವೇರ್. ಅದಕ್ಕೆ ಸ್ಕ್ರೂಗಳ ಲೆಕ್ಕ ಬೇಕಿಲ್ಲ. ಅದು ಕೇಳುವುದು ಇಷ್ಟೇ: ಒಟ್ಟಿಗೆ ಚಲಿಸುವ ತುಂಡುಗಳು ಯಾವುವು, ಅವು ಎಲ್ಲಿ ಕೂಡುತ್ತವೆ, ಯಾವ ಅಕ್ಷದ ಸುತ್ತ ತಿರುಗುತ್ತವೆ, ಎಲ್ಲಿಯವರೆಗೆ ತಿರುಗಬಹುದು, ಎಷ್ಟು ತೂಕ ಇವೆ. ಒಟ್ಟಿಗೆ ಚಲಿಸುವ ತುಂಡನ್ನು ಲಿಂಕ್ ಅನ್ನುತ್ತಾರೆ. ಎರಡು ಲಿಂಕ್ ಕೂಡುವ ಜಾಗವೇ ಕೀಲು. ಮೇಲ್ತೋಳಿನ ಕೊಳವೆ, ಅದರ ಬ್ರಾಕೆಟ್, ಎಂಟು ಸ್ಕ್ರೂ ಎಲ್ಲ ಸೇರಿ ಒಂದೇ ಲಿಂಕ್, ಯಾಕಂದರೆ ಅವುಗಳ ನಡುವೆ ಯಾವ ಚಲನೆಯೂ ಇಲ್ಲ.

ಈ ಮಾಹಿತಿಯನ್ನು ಬರೆದಿಡಲು ಹೆಚ್ಚು ಬಳಕೆಯಲ್ಲಿರುವ ರೂಪ ಯುಆರ್‌ಡಿಎಫ್. ಅದು ಬರೀ ಪಠ್ಯದ ಫೈಲ್. ನೋಟ್‌ಪ್ಯಾಡ್‌ನಲ್ಲೂ ತೆರೆದು ಓದಬಹುದು. ಗಝೀಬೋ, ಪೈಬುಲೆಟ್, ಮುಜೋಕೋ ಈ ಮೂರೂ ಸಿಮ್ಯುಲೇಟರ್‌ಗಳು ಇದನ್ನು ಓದುತ್ತವೆ. ಕೆಲವು ಒಳಗೊಳಗೇ ತಮ್ಮ ಸ್ವಂತ ರೂಪಕ್ಕೆ ಬದಲಿಸಿಕೊಳ್ಳುತ್ತವೆ.

ಕ್ಯಾಡ್‌ನವರು ಒಬ್ಬರಿಗೊಬ್ಬರು ಕಳಿಸಿಕೊಳ್ಳುವ ಸ್ಟೆಪ್ ಫೈಲ್ ಸಾಕಾಗುವುದಿಲ್ಲವೇ ಅಂತ ಎಷ್ಟೋ ಜನ ಕೇಳುತ್ತಾರೆ. ಸಾಕಾಗುವುದಿಲ್ಲ. ನಾವು ಸಾಮಾನ್ಯವಾಗಿ ತೆಗೆಯುವ ಸ್ಟೆಪ್ ಫೈಲ್‌ನಲ್ಲಿ ಆಕಾರ ಇರುತ್ತದೆ, ಯಾವ ಭಾಗ ಎಲ್ಲಿದೆ ಅನ್ನುವುದೂ ಇರುತ್ತದೆ. ಕೀಲು ಇರುವುದಿಲ್ಲ. ಮಿತಿಯಂತೂ ಇಲ್ಲವೇ ಇಲ್ಲ. ಅದು ಮೂರು ಆಯಾಮದ ಫೋಟೋ ಇದ್ದ ಹಾಗೆ. ಫೋಟೋದಲ್ಲಿ ಕೈ ಮಡಚಿರುವುದು ಕಾಣುತ್ತದೆ, ಎಷ್ಟರವರೆಗೆ ಮಡಚಬಹುದು ಅನ್ನುವುದು ಕಾಣುವುದಿಲ್ಲ, ಅಲ್ವಾ?

ಅದಕ್ಕೇ ಕ್ಯಾಡ್‌ನ ಒಳಗಿರುವ ಮೇಟ್‌ಗಳನ್ನು ಓದಿ ಯುಆರ್‌ಡಿಎಫ್ ಬರೆಯುವ ಎಕ್ಸ್‌ಪೋರ್ಟರ್‌ಗಳಿವೆ. ಸಾಲಿಡ್‌ವರ್ಕ್ಸ್‌ಗೆ ಒಂದು ಆಡ್-ಇನ್ ಇದೆ. ಫ್ಯೂಷನ್‌ಗೆ `fusion2urdf` ಅನ್ನುವ ಸ್ಕ್ರಿಪ್ಟ್ ಇದೆ. ಆನ್‌ಶೇಪ್‌ಗೆ `onshape-to-robot` ಇದೆ. ಇದರಲ್ಲಿ ಮೇಟ್‌ನ ಹೆಸರು `dof_` ಅಂತ ಶುರುವಾದರೆ ಮಾತ್ರ ಅದನ್ನು ಕೀಲು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹೆಸರು ಬೇರೆ ಬೇರೆ, ಆದರೆ ಎಲ್ಲದರಲ್ಲೂ ಎಡವುವ ಜಾಗ ಒಂದೇ.

## ಕೋನಕ್ಕೆ ಸೊನ್ನೆ ಎಲ್ಲಿದೆ?

ನಿಮ್ಮದೇ ಕೈಯನ್ನು ಮುಂದೆ ಚಾಚಿ. ಮೊಣಕೈ ಈಗ ಎಷ್ಟು ಡಿಗ್ರಿಯಲ್ಲಿದೆ? ಒಬ್ಬರು "ಸೊನ್ನೆ, ಮಡಚೇ ಇಲ್ಲವಲ್ಲ" ಅನ್ನಬಹುದು. ಇನ್ನೊಬ್ಬರು "180, ಎರಡೂ ತುಂಡು ಒಂದೇ ಗೆರೆಯಲ್ಲಿವೆ" ಅನ್ನಬಹುದು. ಇಬ್ಬರೂ ಸರಿಯೇ. ಮೊದಲಿನವರು ಎಷ್ಟು ಮಡಚಿದೆ ಅಂತ ಅಳೆದರು, ಎರಡನೆಯವರು ಎರಡು ತುಂಡುಗಳ ನಡುವೆ ಎಷ್ಟು ಜಾಗ ಇದೆ ಅಂತ ಅಳೆದರು. ಕೈ ಒಂದೇ, ಭಂಗಿ ಒಂದೇ, ಸಂಖ್ಯೆ ಎರಡು.

ಕ್ಯಾಡ್‌ನ ಕೋನದ ಮೇಟ್ ಎರಡನೆಯವರ ಹಾಗೆ. ಅದು ಎರಡು ಮೈಗಳ ನಡುವಿನ ಕೋನವನ್ನು ಅಳೆಯುತ್ತದೆ. ನನ್ನ ತೋಳಿನಲ್ಲಿ 40 ಅಂದರೆ ಚೆನ್ನಾಗಿ ಮಡಚಿದ ಸ್ಥಿತಿ. 175 ಅಂದರೆ ಹೆಚ್ಚುಕಡಿಮೆ ನೆಟ್ಟಗೆ ಚಾಚಿದ ಸ್ಥಿತಿ.

ಯುಆರ್‌ಡಿಎಫ್‌ಗೆ ಈ ಲೆಕ್ಕ ಗೊತ್ತಿಲ್ಲ. ಫೈಲ್‌ನಲ್ಲಿ ಲಿಂಕ್‌ಗಳು ಹೇಗೆ ಜೋಡಿಸಿಟ್ಟಿವೆಯೋ, ಆ ಭಂಗಿಯನ್ನೇ ಅದು ಸೊನ್ನೆ ಅನ್ನುತ್ತದೆ. ಮಿತಿಗಳನ್ನೆಲ್ಲ ಅಲ್ಲಿಂದ ಎಣಿಸುತ್ತದೆ. ಆ ಭಂಗಿ ಎಲ್ಲಿಂದ ಬಂತು? ಸಾಮಾನ್ಯವಾಗಿ, ಎಕ್ಸ್‌ಪೋರ್ಟ್ ಬಟನ್ ಒತ್ತಿದಾಗ ಕ್ಯಾಡ್‌ನ ಪರದೆಯಲ್ಲಿ ತೋಳು ಹೇಗಿತ್ತೋ ಹಾಗೆ. ಚಿತ್ರ ಚೆನ್ನಾಗಿ ಕಾಣಲಿ ಅಂತ ನೀವು ಸುಮ್ನೆ ಮೌಸ್‌ನಲ್ಲಿ ಎಳೆದು ಬಿಟ್ಟ ಭಂಗಿಯೂ ಸೊನ್ನೆ ಆಗಿಬಿಡಬಹುದು.

ಬಾಗಿಲಿನ ಉದಾಹರಣೆ ತೆಗೆದುಕೊಳ್ಳಿ. "ಬಾಗಿಲು 90 ಡಿಗ್ರಿವರೆಗೆ ತೆರೆಯುತ್ತದೆ" ಅಂದರೆ ಮುಚ್ಚಿದ ಬಾಗಿಲಿನಿಂದ ಎಣಿಸಿ ಅಂತ ಎಲ್ಲರಿಗೂ ಗೊತ್ತು. ಈಗ ಬಾಗಿಲು ಮೊದಲೇ 60 ಡಿಗ್ರಿ ತೆರೆದಿದೆ, ನೋಡುವವರಿಗೆ ಅದು ಗೊತ್ತಿಲ್ಲ ಅಂತಿಟ್ಟುಕೊಳ್ಳಿ. ಅವರು ಅಲ್ಲಿಂದ ಇನ್ನೂ 90 ಡಿಗ್ರಿ ತಳ್ಳಲು ಹೋದರೆ ಬಾಗಿಲು ಗೋಡೆಗೆ ಬಡಿಯುತ್ತದೆ. 90 ಅನ್ನುವ ಸಂಖ್ಯೆ ಸುಳ್ಳಲ್ಲ, ಎಣಿಕೆ ಶುರುವಾದ ಜಾಗ ಬೇರೆ.

## ನನ್ನ ಮೊಣಕೈಯ ಲೆಕ್ಕ

ಈಗ ಆ ತೋಳನ್ನೇ ಹತ್ತಿರದಿಂದ ನೋಡೋಣ. ಮೇಲ್ತೋಳು 200 ಮಿಲಿಮೀಟರ್, ನೆಟ್ಟಗೆ ಮೇಲಕ್ಕೆ ನಿಂತಿದೆ. ಅದರ ತುದಿಯಲ್ಲಿ ಮೊಣಕೈ. ಅಲ್ಲಿಂದ 180 ಮಿಲಿಮೀಟರ್ ಮುಂದೋಳು ಅಡ್ಡಡ್ಡವಾಗಿ ಮುಂದಕ್ಕೆ ಚಾಚಿದೆ. ಅಂದರೆ ಎಕ್ಸ್‌ಪೋರ್ಟ್ ಮಾಡಿದಾಗ ಎರಡರ ನಡುವಿನ ಕೋನ 90 ಡಿಗ್ರಿ ಇತ್ತು. ಇದೇ ಯುಆರ್‌ಡಿಎಫ್‌ನ ಸೊನ್ನೆ.

ಎಕ್ಸ್‌ಪೋರ್ಟರ್ ಮೇಟ್‌ನ ಮಿತಿಯನ್ನು ಇದ್ದ ಹಾಗೇ ರೇಡಿಯನ್‌ಗೆ ಬದಲಿಸಿ ಬರೆದಿತ್ತು. ಯುಆರ್‌ಡಿಎಫ್‌ನಲ್ಲಿ ಕೋನ ಯಾವಾಗಲೂ ರೇಡಿಯನ್‌ನಲ್ಲೇ ಇರುತ್ತದೆ. 180 ಡಿಗ್ರಿಗೆ 3.1416 ರೇಡಿಯನ್, ಹಾಗಾಗಿ 40 ಡಿಗ್ರಿ 0.6981 ಆಯಿತು, 175 ಡಿಗ್ರಿ 3.0543 ಆಯಿತು.

ಸಿಮ್ಯುಲೇಟರ್ ಇದನ್ನು ಹೇಗೆ ಓದಿತು? ಕೀಲು ಈಗ ಸೊನ್ನೆಯಲ್ಲಿದೆ. ಆದರೆ ಕಡಿಮೆ ಅಂದರೂ 0.6981 ಇರಬೇಕು ಅಂತ ಫೈಲ್ ಹೇಳುತ್ತಿದೆ. ಶುರುವಿನಲ್ಲೇ ಮಿತಿ ಮೀರಿದೆ. ಹಾಗಾಗಿ ಅದು ಕೀಲನ್ನು 40 ಡಿಗ್ರಿ ಒಳಕ್ಕೆ ತಳ್ಳಿತು. ನಾನು ನೋಡಿದ ಜರ್ಕ್ ಅದೇ. ಇನ್ನೊಂದು ತುದಿಯಲ್ಲಿ ಸೊನ್ನೆಯಿಂದ 175 ಡಿಗ್ರಿ ತಿರುಗಲು ಅನುಮತಿ ಇತ್ತು. ಮಡಚುವ ದಿಕ್ಕಿನಲ್ಲಿ 90 ಡಿಗ್ರಿ ತಿರುಗಿದರೇ ಮುಂದೋಳು ಮೇಲ್ತೋಳಿನ ಮೇಲೆ ಬಂದು ಕೂರುತ್ತದೆ. ಉಳಿದ 85 ಡಿಗ್ರಿ ಅದು ಒಳಹೊಕ್ಕು ಆಚೆ ಬಂದ ದಾರಿ.

ಸರಿಪಡಿಸುವ ಲೆಕ್ಕ ಸುಲಭ. ಮೇಟ್‌ನ ಪ್ರತಿ ಮಿತಿಯಿಂದಲೂ ಸೊನ್ನೆ ಭಂಗಿಯ ಕೋನವನ್ನು ಕಳೆಯಬೇಕು. 40ರಲ್ಲಿ 90 ಹೋದರೆ ಮೈನಸ್ 50. 175ರಲ್ಲಿ 90 ಹೋದರೆ 85. ಮಿತಿ ಈಗ -50ರಿಂದ +85 ಡಿಗ್ರಿ. ಇಷ್ಟಕ್ಕೆ ಕೆಲಸ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

## ಪ್ಲಸ್ ಅಂದರೆ ಯಾವ ಕಡೆ?

ಹೊಸ ಸಂಖ್ಯೆ ಹಾಕಿದ ಮೇಲೆ ಜರ್ಕ್ ಹೋಯಿತು. ಮುಂದೋಳು ತೂರಿಕೊಂಡು ಆಚೆ ಹೋಗುವುದೂ ನಿಂತಿತು. ನೋಡಲು ಎಲ್ಲ ಸರಿಯಾಗಿತ್ತು. ಆದರೆ ತೋಳು ಪೂರ್ತಿ ಚಾಚಲಿಲ್ಲ. 140 ಡಿಗ್ರಿಗೇ ನಿಂತುಬಿಟ್ಟಿತು. ಮಡಚುವಾಗ ಮಾತ್ರ 5 ಡಿಗ್ರಿಯವರೆಗೆ ಹೋಗಿ ಮೇಲ್ತೋಳಿಗೆ ಅಂಟಿಕೊಂಡ ಹಾಗೆ ನಿಲ್ಲುತ್ತಿತ್ತು. ನಿಜವಾದ ತೋಳಿನಲ್ಲಿ ಹಾಗೆ ಮಾಡಿದರೆ ಬ್ರಾಕೆಟ್‌ಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ.

ಈ ತಪ್ಪು ಮೊದಲಿನದಕ್ಕಿಂತ ಅಪಾಯಕಾರಿ. ಮೊದಲಿನದು ಕಣ್ಣಿಗೆ ರಾಚುತ್ತಿತ್ತು. ಇದು ಅಳೆದು ನೋಡದೇ ಇದ್ದರೆ ಗೊತ್ತೇ ಆಗುವುದಿಲ್ಲ.

ಕಾರಣ ದಿಕ್ಕು. ಎರಡು ಮೈಗಳ ನಡುವಿನ ಕೋನಕ್ಕೆ ದಿಕ್ಕು ಇಲ್ಲ, ಅದು ಬರೀ ಅಂತರ. ಆದರೆ ತಿರುಗುವುದಕ್ಕೆ ದಿಕ್ಕು ಇದೆ. ಯುಆರ್‌ಡಿಎಫ್‌ನಲ್ಲಿ ಅದನ್ನು ಹೇಳುವುದು `axis` ಅನ್ನುವ ಸಾಲು. ನನ್ನ ಫೈಲ್‌ನಲ್ಲಿ ಅದು `0 1 0` ಇತ್ತು, ಅಂದರೆ ವೈ ಅಕ್ಷ. ಪ್ಲಸ್ ಯಾವ ಕಡೆ ಅಂತ ತಿಳಿಯಲು ಬಲಗೈ ಸಾಕು. ಹೆಬ್ಬೆರಳನ್ನು ಅಕ್ಷದ ದಿಕ್ಕಿಗೆ ಹಿಡಿಯಿರಿ. ಉಳಿದ ನಾಲ್ಕು ಬೆರಳು ಯಾವ ಕಡೆ ಸುತ್ತಿಕೊಳ್ಳುತ್ತವೋ ಆ ಕಡೆ ತಿರುಗಿದರೆ ಪ್ಲಸ್.

ನನ್ನ ತೋಳಿನಲ್ಲಿ ಎಕ್ಸ್ ಮುಂದಕ್ಕೆ, ಝಡ್ ಮೇಲಕ್ಕೆ, ವೈ ಎಡಕ್ಕೆ. ಹೆಬ್ಬೆರಳನ್ನು ಎಡಕ್ಕೆ ಹಿಡಿದರೆ, ಮುಂದಕ್ಕೆ ಚಾಚಿದ ಮುಂದೋಳು ಪ್ಲಸ್ ತಿರುವಿನಲ್ಲಿ ಕೆಳಕ್ಕೆ ಬರುತ್ತದೆ. ಕೆಳಕ್ಕೆ ಅಂದರೆ ಮೇಲ್ತೋಳಿನ ಕಡೆಗೆ. ಅಂದರೆ ಇಲ್ಲಿ ಪ್ಲಸ್ ಅಂದರೆ ಮಡಚುವುದು. ಕ್ಯಾಡ್‌ನ ಕೋನದಲ್ಲಿ ಸಂಖ್ಯೆ ಹೆಚ್ಚಾದರೆ ಚಾಚಿದ ಹಾಗೆ. ಎರಡೂ ತದ್ವಿರುದ್ಧ.

ಹೀಗಿದ್ದಾಗ ಎರಡೂ ಮಿತಿಯ ಚಿಹ್ನೆ ಬದಲಿಸಬೇಕು, ಜೊತೆಗೆ ಅವುಗಳ ಜಾಗವನ್ನೂ ಅದಲುಬದಲು ಮಾಡಬೇಕು. -50ರಿಂದ +85 ಇದ್ದದ್ದು -85ರಿಂದ +50 ಆಗುತ್ತದೆ. ಚಿಹ್ನೆ ಮಾತ್ರ ಬದಲಿಸಿ ಜಾಗ ಬದಲಿಸಲು ಮರೆತರೆ ಕೆಳಮಿತಿಯೇ ಮೇಲ್ಮಿತಿಗಿಂತ ದೊಡ್ಡದಾಗುತ್ತದೆ. ಅದನ್ನು ಪೈಬುಲೆಟ್ "ಈ ಕೀಲಿಗೆ ಮಿತಿಯೇ ಇಲ್ಲ" ಅಂತ ಓದಿಕೊಳ್ಳುತ್ತದೆ.

ಇನ್ನೊಂದು ದಾರಿ ಅಕ್ಷವನ್ನೇ ತಿರುಗಿಸುವುದು. `0 -1 0` ಅಂತ ಬರೆದರೆ ಪ್ಲಸ್ ಅಂದರೆ ಚಾಚುವುದು ಅಂತಾಗುತ್ತದೆ, ಆಗ -50ರಿಂದ +85 ಸರಿಯಾಗುತ್ತದೆ. `onshape-to-robot` ಬಳಸುವವರು ಮೇಟ್‌ನ ಹೆಸರಿನ ಕೊನೆಗೆ `_inv` ಸೇರಿಸಿದರೂ ಇದೇ ಆಗುತ್ತದೆ. ಎರಡರಲ್ಲಿ ಯಾವುದು? ನಿಜವಾದ ಮೋಟರ್ ಯಾವ ಕಡೆ ತಿರುಗುವುದನ್ನು ಪ್ಲಸ್ ಅನ್ನುತ್ತದೋ ಅದಕ್ಕೆ ಹೊಂದುವುದು. ನನ್ನ ಮೋಟರ್‌ಗೆ ಮಡಚುವುದೇ ಪ್ಲಸ್ ಆಗಿತ್ತು. ಅದಕ್ಕೆ ಅಕ್ಷ ಮುಟ್ಟದೆ ಮಿತಿ ಬದಲಿಸಿದೆ.

ಕೊನೆಗೆ ಆ ಕೀಲಿನ ಬರಹ ಹೀಗಾಯಿತು:

```xml
<joint name="elbow" type="revolute">
  <parent link="upper_arm"/>
  <child link="forearm"/>
  <origin xyz="0 0 0.2" rpy="0 0 0"/>
  <axis xyz="0 1 0"/>
  <limit lower="-1.4835" upper="0.8727"
         effort="1.96" velocity="6.54"/>
</joint>
```

`origin` ಸಾಲು ಮೊಣಕೈ ಎಲ್ಲಿದೆ ಅಂತ ಹೇಳುತ್ತದೆ: ಮೇಲ್ತೋಳಿನ ಬುಡದಿಂದ 0.2 ಮೀಟರ್ ಮೇಲೆ. `lower` ಅಂದರೆ -85 ಡಿಗ್ರಿ, `upper` ಅಂದರೆ +50 ಡಿಗ್ರಿ.

ಒಂದು ಎಚ್ಚರಿಕೆ ಹೇಳಲೇಬೇಕು. ಒಟ್ಟು ತಿರುಗುವ ವ್ಯಾಪ್ತಿ 135 ಡಿಗ್ರಿ, ಅಂದರೆ 2.3562 ರೇಡಿಯನ್. ಅದು ಸರಿ ಇದ್ದರೆ ಮಿತಿ ಸರಿ ಅಂತ ನಾನು ಮೊದಮೊದಲು ಅಂದುಕೊಳ್ಳುತ್ತಿದ್ದೆ. ಆದರೆ ಮೇಲಿನ ಎರಡು ತಪ್ಪು ಫೈಲ್‌ಗಳಲ್ಲೂ ವ್ಯಾಪ್ತಿ ಅಷ್ಟೇ ಇತ್ತು. ಕಳೆದು ನೋಡಿದರೆ ಸಾಲದು. ಎರಡೂ ತುದಿಯನ್ನು ಬೇರೆ ಬೇರೆಯಾಗಿ ನೋಡಬೇಕು.

## ಸೊನ್ನೆಯನ್ನು ಎಲ್ಲಿಡುವುದು ಒಳ್ಳೆಯದು?

ತೋಳನ್ನು ಪೂರ್ತಿ ನೆಟ್ಟಗೆ ಮಾಡಿ ಎಕ್ಸ್‌ಪೋರ್ಟ್ ಮಾಡಿದರೆ ಲೆಕ್ಕ ಸುಲಭ ಅಲ್ವಾ ಅಂತ ಅನ್ನಿಸಬಹುದು. ನನ್ನ ತೋಳಿಗೆ ಅದು ಆಗುವುದಿಲ್ಲ. ನೆಟ್ಟಗೆ ಅಂದರೆ 180 ಡಿಗ್ರಿ, ನನ್ನ ಮಿತಿ 175. ಸೊನ್ನೆ ಭಂಗಿಯೇ ಮಿತಿಯ ಹೊರಗಿರುತ್ತದೆ. ಹೆಚ್ಚಿನ ಸಿಮ್ಯುಲೇಟರ್‌ಗಳು ಬೇರೇನೂ ಹೇಳದಿದ್ದರೆ ಕೀಲುಗಳನ್ನು ಸೊನ್ನೆಯಲ್ಲಿಟ್ಟೇ ಶುರು ಮಾಡುತ್ತವೆ. ಆಗ ಮತ್ತೆ ಅದೇ ಜರ್ಕ್, 5 ಡಿಗ್ರಿಯಷ್ಟು ಚಿಕ್ಕದು ಅಷ್ಟೇ.

ನಾನು ಈಗ ಪಾಲಿಸುವುದು ಇದು: ಸೊನ್ನೆ ಮಿತಿಯ ಒಳಗಿರಬೇಕು, ಮತ್ತು ಅದು ನಿಜವಾದ ಮೋಟರ್‌ನ ಸೊನ್ನೆಯೇ ಆಗಿರಬೇಕು. ನನ್ನ ಮೊಣಕೈಯ ಸರ್ವೋ ಮೋಟರ್ ತನ್ನ ನಡು ಜಾಗದಲ್ಲಿ ನಿಂತಾಗ ಮುಂದೋಳು ಸರಿಯಾಗಿ 90 ಡಿಗ್ರಿಯಲ್ಲಿ ಇರುವ ಹಾಗೆ ಜೋಡಿಸಿದ್ದೆ. ಹಾಗಾಗಿ 90 ಡಿಗ್ರಿ ಭಂಗಿಯೇ ಒಳ್ಳೆಯ ಸೊನ್ನೆ. ಸಿಮ್ಯುಲೇಟರ್‌ನಲ್ಲಿ 0.3 ರೇಡಿಯನ್ ಅಂದರೆ ನಿಜವಾದ ಸರ್ವೋ ಕೂಡ ನಡುವಿನಿಂದ 0.3 ರೇಡಿಯನ್ ತಿರುಗುತ್ತದೆ. ಮಧ್ಯೆ ಇನ್ನೊಂದು ಕೂಡು-ಕಳೆ ಬೇಕಾಗುವುದಿಲ್ಲ.

ಆದರೆ ಆ 90 ಮೌಸ್‌ನಲ್ಲಿ ಎಳೆದು ಅಂದಾಜಿಗೆ ಬಿಟ್ಟ 90 ಆಗಿರಬಾರದು. 87.6 ಇದ್ದರೂ ಕಣ್ಣಿಗೆ 90ರ ಹಾಗೇ ಕಾಣುತ್ತದೆ. ಎಕ್ಸ್‌ಪೋರ್ಟ್‌ಗೆ ಮೊದಲು ಮೇಟ್‌ಗೆ 90 ಅಂತ ಟೈಪ್ ಮಾಡಿ ಅಲ್ಲಿಗೇ ಕೂರಿಸಿ. ಫ್ಯೂಷನ್‌ನಲ್ಲಿ ಜಾಯಿಂಟ್ ಮಿತಿಗಳ ಜೊತೆ ವಿಶ್ರಾಂತಿ ಸ್ಥಿತಿ ಅಂತ ಒಂದು ಸಂಖ್ಯೆ ಕೊಡಬಹುದು, ಅದನ್ನೂ ಬಳಸಿಕೊಳ್ಳಬಹುದು.

## ಮಿತಿಯ ಸಾಲಿನಲ್ಲಿರುವ ಇನ್ನೆರಡು ಸಂಖ್ಯೆ

`effort` ಅಂದರೆ ಮೋಟರ್ ಹಾಕಬಹುದಾದ ಗರಿಷ್ಠ ತಿರುಚು ಬಲ, ನ್ಯೂಟನ್ ಮೀಟರ್‌ನಲ್ಲಿ. `velocity` ಅಂದರೆ ಗರಿಷ್ಠ ವೇಗ, ಸೆಕೆಂಡಿಗೆ ಎಷ್ಟು ರೇಡಿಯನ್ ಅಂತ. ತಿರುಗುವ ಕೀಲಿಗೆ ಇವೆರಡೂ ಕಡ್ಡಾಯ. ಆದರೆ ಕ್ಯಾಡ್‌ಗೆ ಮೋಟರ್ ಅಂದರೆ ಬರೀ ಒಂದು ಡಬ್ಬಿ, ಅದರ ಬಲ ಎಷ್ಟು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹಾಗಾಗಿ ಈ ಜಾಗದಲ್ಲಿ ಎಕ್ಸ್‌ಪೋರ್ಟರ್ ಸೊನ್ನೆ ಬರೆದಿರುತ್ತದೆ, ಇಲ್ಲವೇ 100ರಂಥ ಯಾವುದೋ ಸಂಖ್ಯೆ ತುಂಬಿರುತ್ತದೆ. ಸೊನ್ನೆ ಬಲ ಅಂದರೆ, ಅದನ್ನು ಪಾಲಿಸುವ ಸಿಮ್ಯುಲೇಟರ್‌ನಲ್ಲಿ ತೋಳು ಜೀವ ಹೋದ ಹಾಗೆ ಜೋತುಬೀಳುತ್ತದೆ. 100 ಅಂದರೆ ಪುಟ್ಟ ಸರ್ವೋಗೆ ರಾಕ್ಷಸ ಬಲ ಬರುತ್ತದೆ.

ಸರಿಯಾದ ಸಂಖ್ಯೆ ಸಿಗುವುದು ಮೋಟರ್‌ನ ವಿವರದ ಹಾಳೆಯಲ್ಲಿ. ಅಲ್ಲಿ 20 ಕೆಜಿ ಸೆಂಟಿಮೀಟರ್ ಅಂತಿದ್ದರೆ, ಅದನ್ನು 9.81ರಿಂದ ಗುಣಿಸಿ 100ರಿಂದ ಭಾಗಿಸಿ. 1.96 ನ್ಯೂಟನ್ ಮೀಟರ್. 60 ಡಿಗ್ರಿಗೆ 0.16 ಸೆಕೆಂಡ್ ಅಂತಿದ್ದರೆ, 60 ಡಿಗ್ರಿ ಅಂದರೆ 1.0472 ರೇಡಿಯನ್, ಅದನ್ನು 0.16ರಿಂದ ಭಾಗಿಸಿದರೆ 6.54. ಮೋಟರ್‌ನಾಚೆ ವೇಗ ಇಳಿಸುವ ಇನ್ನೊಂದು ಗೇರ್ ಇದ್ದರೆ ಅದರ ಅನುಪಾತದಷ್ಟು ಬಲ ಹೆಚ್ಚುತ್ತದೆ, ಅಷ್ಟೇ ವೇಗ ಇಳಿಯುತ್ತದೆ. ಹಾಳೆಯ ಬಲ ಸಾಮಾನ್ಯವಾಗಿ ಮೋಟರ್ ತಿರುಗಲಾಗದೆ ನಿಂತಾಗಿನದು, ವೇಗ ಭಾರವೇ ಇಲ್ಲದಾಗಿನದು. ಎರಡೂ ಒಟ್ಟಿಗೆ ಸಿಗುವುದಿಲ್ಲ ಅನ್ನುವುದು ನೆನಪಿರಲಿ.

ಇನ್ನೊಂದು ಸಣ್ಣ ವಿಷಯ. `lower` ಅಥವಾ `upper` ಬರೆಯದೇ ಬಿಟ್ಟರೆ ಎರರ್ ಬರುವುದಿಲ್ಲ. ಯುಆರ್‌ಡಿಎಫ್‌ನ ನಿಯಮದ ಪ್ರಕಾರ ಬಿಟ್ಟದ್ದನ್ನು ಸೊನ್ನೆ ಅಂತ ಓದಬೇಕು. ಎರಡೂ ಬಿಟ್ಟರೆ ಕೀಲು ಸೊನ್ನೆಗೇ ಬೀಗ ಹಾಕಿದ ಹಾಗೆ ಅಲ್ಲಾಡದೆ ನಿಲ್ಲಬಹುದು. ಸುತ್ತಲೂ ತಿರುಗುವ ಕೀಲು ಬೇಕಿದ್ದರೆ ಅದರ ಬಗೆಯನ್ನೇ `continuous` ಅಂತ ಬರೆಯಬೇಕು.

## ಅಳತೆ ಮತ್ತು ತೂಕ

ಕ್ಯಾಡ್ ಮಿಲಿಮೀಟರ್‌ನಲ್ಲಿ ಯೋಚಿಸುತ್ತದೆ, ಯುಆರ್‌ಡಿಎಫ್ ಮೀಟರ್‌ನಲ್ಲಿ. ಆಕಾರವನ್ನು ಹೊತ್ತೊಯ್ಯುವ ಎಸ್‌ಟಿಎಲ್ ಫೈಲ್‌ನಲ್ಲಿ ಬರೀ ಸಂಖ್ಯೆ ಇರುತ್ತದೆ, ಅಳತೆಯ ಹೆಸರು ಇರುವುದಿಲ್ಲ. 200 ಅಂದರೆ ಸಿಮ್ಯುಲೇಟರ್‌ಗೆ 200 ಮೀಟರ್. ಪರದೆ ಪೂರ್ತಿ ಒಂದೇ ಬಣ್ಣ ಕಂಡರೆ ಕ್ಯಾಮೆರಾ ಆ ದೈತ್ಯ ತೋಳಿನ ಒಳಗಿದೆ ಅಂತ ಅರ್ಥ. ಆಗ `mesh` ಸಾಲಿನಲ್ಲಿ `scale="0.001 0.001 0.001"` ಬೇಕು. ಎಕ್ಸ್‌ಪೋರ್ಟರ್ ಮೊದಲೇ ಇದನ್ನು ಮಾಡಿದ್ದರೆ ಮತ್ತೆ ಮಾಡಬೇಡಿ, ತೋಳು ಧೂಳಿನ ಕಣದಷ್ಟಾಗಿ ಕಾಣದೇ ಹೋಗುತ್ತದೆ.

ತೂಕದ ಲೆಕ್ಕಕ್ಕೆ ಕ್ಯಾಡ್‌ನಲ್ಲಿ ಪ್ರತಿ ಭಾಗಕ್ಕೂ ವಸ್ತು ಯಾವುದು ಅಂತ ಹೇಳಿರಬೇಕು. ತಿರುಗಿಸಲು ಎಷ್ಟು ಭಾರ ಅನ್ನುವ ಜಡತ್ವದ ಸಂಖ್ಯೆಗಳನ್ನು ಕ್ಯಾಡ್ ಗ್ರಾಂ ಚದರ ಮಿಲಿಮೀಟರ್‌ನಲ್ಲಿ ತೋರಿಸಿದರೆ ಅದನ್ನು `1e-9`ರಿಂದ ಗುಣಿಸಬೇಕು. ಸರಿಯಾಗಿದೆಯೇ ಅಂತ ನೋಡಲು ಮುಂದೋಳನ್ನು ಒಂದು ಕೋಲು ಅಂದುಕೊಳ್ಳಿ. ತೂಕ 0.3 ಕೆಜಿ, ಉದ್ದ 0.18 ಮೀಟರ್. ತೂಕವನ್ನು ಉದ್ದದ ವರ್ಗದಿಂದ ಗುಣಿಸಿ 12ರಿಂದ ಭಾಗಿಸಿದರೆ 0.00081. ಫೈಲ್‌ನ ದೊಡ್ಡ ಸಂಖ್ಯೆಗಳು ಇದರ ಆಸುಪಾಸು ಇದ್ದರೆ ಸರಿ. 810000 ಅಂತಿದ್ದರೆ ಬದಲಿಸಲು ಮರೆತಿದ್ದೀರಿ. ಅಂಥ ತೋಳನ್ನು ಯಾವ ಮೋಟರೂ ಅಲ್ಲಾಡಿಸಲಾರದು.

## ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಮೊದಲು `check_urdf arm.urdf` ಅನ್ನುವ ಕಮಾಂಡ್ ಓಡಿಸಿ. ಬರಹದಲ್ಲಿ ದೋಷ ಇದ್ದರೆ, ಯಾವುದಾದರೂ ಲಿಂಕ್ ಒಂಟಿಯಾಗಿ ಬಿಟ್ಟುಹೋಗಿದ್ದರೆ ಇದು ಹೇಳುತ್ತದೆ. ಮಿತಿ ತಪ್ಪಾಗಿದೆ ಅಂತ ಮಾತ್ರ ಹೇಳಲಾರದು, ಯಾಕಂದರೆ ನಿಮ್ಮ ತೋಳು ಹೇಗಿರಬೇಕು ಅಂತ ಅದಕ್ಕೆ ಗೊತ್ತಿಲ್ಲ.

ಆಮೇಲೆ ಸಿಮ್ಯುಲೇಟರ್ ಏನು ಓದಿಕೊಂಡಿತು ಅಂತ ಅದನ್ನೇ ಕೇಳಿ. ಪೈಬುಲೆಟ್‌ನಲ್ಲಿ ಹೀಗೆ:

```python
import pybullet as p
p.connect(p.DIRECT)
r = p.loadURDF("arm.urdf", useFixedBase=True)
for i in range(p.getNumJoints(r)):
    j = p.getJointInfo(r, i)
    print(j[1].decode(), j[8], j[9], j[10], j[11])
```

ಪ್ರತಿ ಕೀಲಿನ ಹೆಸರು, ಕೆಳಮಿತಿ, ಮೇಲ್ಮಿತಿ, ಬಲ, ವೇಗ ಸಾಲಾಗಿ ಬರುತ್ತವೆ. ಮೊಣಕೈ ಮುಂದೆ `-1.4835 0.8727 1.96 6.54` ಕಾಣಬೇಕು. ಇಲ್ಲಿ ಬಲ ಕಂಡಿತು ಅಂದ ಮಾತ್ರಕ್ಕೆ ಅದು ತಾನಾಗೇ ಜಾರಿಗೆ ಬರುತ್ತದೆ ಅಂದುಕೊಳ್ಳಬೇಡಿ. ಪೈಬುಲೆಟ್‌ನಲ್ಲಿ ಮೋಟರ್‌ಗೆ ಆದೇಶ ಕೊಡುವಾಗ `force` ಅಂತ ಬೇರೆಯಾಗಿ ಕೊಡಬೇಕು.

ನಿಜವಾದ ಪರೀಕ್ಷೆ ಮೂರು ಭಂಗಿಗಳದು. ಕೀಲನ್ನು ಕೆಳಮಿತಿಗೆ, ಸೊನ್ನೆಗೆ, ಮೇಲ್ಮಿತಿಗೆ ಇಟ್ಟು ಮೂರು ಸಲವೂ ಪರದೆ ನೋಡಿ. ಅದೇ ಮೂರು ಭಂಗಿಯಲ್ಲಿ ಕ್ಯಾಡ್‌ನ ತೋಳನ್ನೂ ಇಡಿ, ಪಕ್ಕಪಕ್ಕದಲ್ಲಿ ಹೋಲಿಸಿ. ನನ್ನ ತೋಳಿಗೆ ಅವು 175, 90, 40 ಡಿಗ್ರಿ ಆಗಬೇಕು. ಸೊನ್ನೆ ತಪ್ಪಿದ್ದರೆ ಮಿತಿಯ ಎರಡೂ ತುದಿ ಒಂದೇ ಕಡೆಗೆ ಜರುಗಿರುತ್ತವೆ. ದಿಕ್ಕು ತಪ್ಪಿದ್ದರೆ ಚಾಚಬೇಕಾದಲ್ಲಿ ಮಡಚಿರುತ್ತದೆ. ಪೈಬುಲೆಟ್‌ನಲ್ಲಿ ಭಂಗಿ ಇಡಲು `resetJointState` ಬಳಸಬಹುದು, ಆದರೆ ಅದು ಮಿತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಿತಿಯಲ್ಲಿ ನಿಲ್ಲುತ್ತದೆಯೇ ಅಂತ ನೋಡಬೇಕಿದ್ದರೆ ಮೋಟರ್‌ನಿಂದಲೇ ತಳ್ಳಿ ನೋಡಬೇಕು.

## ಮಿತಿ ಕಾಯದ ಜಾಗ

ಮೊದಲ ದಿನ ಮುಂದೋಳು ಮೇಲ್ತೋಳಿನೊಳಗೆ ತೂರಿತಲ್ಲ, ಎರಡೂ ಗಟ್ಟಿ ವಸ್ತು, ಡಿಕ್ಕಿ ಹೊಡೆದು ನಿಲ್ಲಬೇಕಿತ್ತಲ್ಲವೇ? ಪೈಬುಲೆಟ್‌ನಲ್ಲಿ ಒಂದೇ ರೋಬೋಟ್‌ನ ಭಾಗಗಳ ನಡುವಿನ ಡಿಕ್ಕಿಯನ್ನು ನಾವು ಕೇಳದೇ ಲೆಕ್ಕ ಹಾಕುವುದಿಲ್ಲ. ತೋಳನ್ನು ತೆರೆಯುವಾಗ `flags=p.URDF_USE_SELF_COLLISION` ಅಂತ ಸೇರಿಸಬೇಕು. ಮೇಲ್ತೋಳು ಮತ್ತು ಮುಂದೋಳಿನ ಹಾಗೆ ಒಂದೇ ಕೀಲಿನಲ್ಲಿ ನೇರವಾಗಿ ಕೂಡುವ ಲಿಂಕ್‌ಗಳ ಡಿಕ್ಕಿಯೂ ಬೇಕಿದ್ದರೆ ಅದರ ಜೊತೆ `| p.URDF_USE_SELF_COLLISION_INCLUDE_PARENT` ಕೂಡ ಸೇರಿಸಬೇಕು.

ಮಿತಿ ಸರಿಯಾದ ಮೇಲೂ ಇದು ಬೇಕಾಗುತ್ತದೆ. ಯುಆರ್‌ಡಿಎಫ್‌ನ ಮಿತಿ ಪ್ರತಿ ಕೀಲಿಗೂ ಬೇರೆ ಬೇರೆ. ಭುಜ ಎಲ್ಲಿದೆ ಅಂತ ಮೊಣಕೈಯ ಮಿತಿಗೆ ಗೊತ್ತಿಲ್ಲ. ನನ್ನ ತೋಳಿನಲ್ಲಿ ಭುಜ ಪೂರ್ತಿ ಮುಂದಕ್ಕೆ ಬಾಗಿದಾಗ, ಮೊಣಕೈ ತನ್ನ ಮಿತಿಯ ಒಳಗಿದ್ದೇ ಮುಂದೋಳಿನ ತುದಿ ಬುಡದ ತಟ್ಟೆಗೆ ತಾಗುತ್ತದೆ. ಇದನ್ನು ತಪ್ಪಿಸಲು ಮೊಣಕೈಯ ಮಿತಿಯನ್ನು ಕಿರಿದು ಮಾಡಿದರೆ, ಭುಜ ನೆಟ್ಟಗಿರುವಾಗಲೂ ತೋಳು ಸುಮ್ಮನೆ ಚಲನೆ ಕಳೆದುಕೊಳ್ಳುತ್ತದೆ. ಇಂಥದ್ದನ್ನು ಡಿಕ್ಕಿಯ ಲೆಕ್ಕಕ್ಕೇ ಬಿಡಬೇಕು. ಮಿತಿಯ ಸಾಲಿನಲ್ಲಿ ಆ ಕೀಲಿನ ಬ್ರಾಕೆಟ್ ಮತ್ತು ವೈರ್ ಎಷ್ಟು ಬಿಡುತ್ತವೋ ಅಷ್ಟನ್ನು ಮಾತ್ರ ಬರೆಯಬೇಕು.

ಇನ್ನು, ಈ ತಿದ್ದುಪಡಿಗಳನ್ನೆಲ್ಲ ಯುಆರ್‌ಡಿಎಫ್ ಫೈಲ್‌ನಲ್ಲೇ ಕೈಯಿಂದ ಮಾಡಿಟ್ಟರೆ, ಮುಂದಿನ ಸಲ ಎಕ್ಸ್‌ಪೋರ್ಟ್ ಒತ್ತಿದಾಗ ಹಳೆಯ ಸಂಖ್ಯೆಗಳು ಮತ್ತೆ ಬಂದು ಕೂರುತ್ತವೆ. ನನಗೆ ಎರಡು ಸಲ ಹಾಗಾಗಿದೆ, ಒಂದು ಬ್ರಾಕೆಟ್‌ನ ರಂಧ್ರ 2 ಮಿಲಿಮೀಟರ್ ಜರುಗಿಸಿದ್ದಕ್ಕೆ. ಈಗ ಕೀಲುಗಳ ಹೆಸರು, ಮಿತಿ, ಬಲ, ವೇಗಗಳನ್ನು ಒಂದು ಪುಟ್ಟ ಪಟ್ಟಿಯಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಎಕ್ಸ್‌ಪೋರ್ಟ್ ಆದ ಕೂಡಲೇ ಒಂದು ಸ್ಕ್ರಿಪ್ಟ್ ಆ ಪಟ್ಟಿಯಿಂದ ಓದಿ `limit` ಸಾಲುಗಳನ್ನು ತುಂಬುತ್ತದೆ. ಪಟ್ಟಿಯ ಮೊದಲ ಸಾಲಿನಲ್ಲಿ ಸೊನ್ನೆ ಭಂಗಿ ಯಾವುದು ಅಂತ ಬರೆದಿದ್ದೇನೆ: ಮೇಲ್ತೋಳು ನೆಟ್ಟಗೆ, ಮುಂದೋಳು ಅಡ್ಡ, ಮೊಣಕೈ 90.